ನೀರನ್ನು ಒತ್ತಿದಾಗ: ನಾಲ್ಕು ಸಮೀಕರಣಗಳ ಒಳಗಿನ ಲೆಕ್ಕ

ಗಟ್ಟಿ ಉಕ್ಕಿನ ಸಿಲಿಂಡರಿನಲ್ಲಿ ಒಂದು ಕಿಲೋ ನೀರಿದೆ ಎನ್ನಿ. ಸಿಲಿಂಡರನ್ನು 25 ಡಿಗ್ರಿ ಸೆಲ್ಸಿಯಸ್‌ನ ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದೇವೆ. ಹಾಗಾಗಿ ಒಳಗಿನ ನೀರಿನ ತಾಪಮಾನವೂ 25ರಲ್ಲೇ ನಿಲ್ಲುತ್ತದೆ. ಈಗ ಪಿಸ್ಟನ್ನನ್ನು ನಿಧಾನವಾಗಿ ಒತ್ತುತ್ತ ಒತ್ತಡವನ್ನು 100 ಬಾರ್‌ನಷ್ಟು ಏರಿಸೋಣ. ಅದು ವಾತಾವರಣದ ಒತ್ತಡದ ಸುಮಾರು ನೂರರಷ್ಟು. ನೀರು ಸುಲಭಕ್ಕೆ ಕುಗ್ಗುವ ವಸ್ತುವಲ್ಲ. ಇಷ್ಟು ಒತ್ತಿದರೂ ಲೀಟರಿಗೆ ನಾಲ್ಕೂವರೆ ಮಿಲಿಲೀಟರ್ ಮಾತ್ರ ಕುಗ್ಗುತ್ತದೆ. ಒತ್ತಲು ನಾವು ಮಾಡಿದ ಕೆಲಸ ಸುಮಾರು 23 ಜೂಲ್. ಆದರೆ ಆ ನೀರಿನಿಂದ ತೊಟ್ಟಿಗೆ ಹರಿದುಹೋಗುವ ಶಾಖ ಸುಮಾರು 770 ಜೂಲ್!

ಕೊಟ್ಟದ್ದು 23, ಬಂದದ್ದು 770. ಶಕ್ತಿ ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ 770 ಎಂಬ ಅಂಕಿಯನ್ನು ಪ್ರಯೋಗ ಮಾಡದೆಯೇ, ನೀರು ಕಾಯಿಸಿದಾಗ ಎಷ್ಟು ಹಿಗ್ಗುತ್ತದೆ ಎಂಬ ಒಂದು ಮಾಹಿತಿಯಿಂದ ಹೇಳಬಹುದು. ಅದು ಹೇಗೆ ಸಾಧ್ಯ? ಒತ್ತುವುದಕ್ಕೂ ಕಾಯಿಸುವುದಕ್ಕೂ ಏನು ಸಂಬಂಧ? ಉಷ್ಣಗತಿ ವಿಜ್ಞಾನದ ನಾಲ್ಕು ಮೂಲ ಸಮೀಕರಣಗಳಲ್ಲಿ ಇದಕ್ಕೆ ಉತ್ತರವಿದೆ. ಕಾಲೇಜಿನಲ್ಲಿ ಅನೇಕರು ಇವನ್ನು ಬಾಯಿಪಾಠ ಮಾಡಿ ಮರೆತಿರುತ್ತಾರೆ. ನಿಜವಾಗಿ ಬಾಯಿಪಾಠ ಬೇಕಾದದ್ದು ಒಂದು ಮಾತ್ರ. ಉಳಿದ ಮೂರನ್ನು ಅದರಿಂದಲೇ ಒಂದೆರಡು ಸಾಲಿನಲ್ಲಿ ಪಡೆಯಬಹುದು.

ಮೊದಲ ಸಮೀಕರಣ

ನೀರಿನೊಳಗೆ ಅಡಗಿರುವ ಒಟ್ಟು ಶಕ್ತಿಯನ್ನು ಆಂತರಿಕ ಶಕ್ತಿ ಎನ್ನುತ್ತಾರೆ, ಸಂಕೇತ U. ಅಣುಗಳ ಚಲನೆಯ ಶಕ್ತಿ, ಅವು ಒಂದನ್ನೊಂದು ಎಳೆಯುವುದರಿಂದ ಬರುವ ಶಕ್ತಿ ಎಲ್ಲವೂ ಇದರಲ್ಲಿ ಸೇರಿವೆ. ಮೊದಲನೆಯ ನಿಯಮ ಸರಳ: ಒಳಗೆ ಬಂದ ಶಾಖ ಮತ್ತು ನೀರಿನ ಮೇಲೆ ಮಾಡಿದ ಕೆಲಸ, ಇವೆರಡನ್ನೂ ಕೂಡಿದರೆ U ಎಷ್ಟು ಹೆಚ್ಚಿತು ಎಂದು ಸಿಗುತ್ತದೆ. ಒತ್ತಡ P ಇರುವಾಗ ಗಾತ್ರ V ತುಸು ಬದಲಾದರೆ ಕೆಲಸ −P dV. ಗಾತ್ರ ಕುಗ್ಗಿದರೆ dV ಋಣ, ಆಗ ಕೆಲಸ ಧನ. ಅಂದರೆ ನಾವು ನೀರಿಗೆ ಶಕ್ತಿ ಕೊಟ್ಟೆವು.

ಶಾಖಕ್ಕೂ ಇದೇ ಬಗೆಯ ಒಂದು ರೂಪ ಬೇಕು. ಅದನ್ನು ಕೊಟ್ಟವರು ಜರ್ಮನಿಯ ರುಡಾಲ್ಫ್ ಕ್ಲೌಸಿಯಸ್. ಯಾವ ಗಳಿಗೆಯಲ್ಲಾದರೂ ಹಿಂದಕ್ಕೆ ತಿರುಗಿಸಬಹುದಾದಷ್ಟು ನಿಧಾನವಾಗಿ ಶಾಖ ಕೊಟ್ಟಾಗ, ಆ ಶಾಖವನ್ನು ಕೆಲ್ವಿನ್ ತಾಪಮಾನ T ಯಿಂದ ಭಾಗಿಸಿದರೆ ಸಿಗುವುದು ವಸ್ತುವಿನದೇ ಒಂದು ಗುಣದ ಬದಲಾವಣೆ. ಆ ಗುಣಕ್ಕೆ ಅವರು 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟರು; ಸಂಕೇತ S. ಹೀಗಾಗಿ ಶಾಖ ಎಂದರೆ T dS. ಎರಡನ್ನೂ ಸೇರಿಸಿದರೆ:

dU = T dS − P dV

ಇಲ್ಲಿ ಒಂದು ಅನುಮಾನ ಏಳುವುದು ಸಹಜ. ನಿಧಾನದ ದಾರಿಯಲ್ಲಿ ಪಡೆದ ಸೂತ್ರ ರಭಸದ ಬದಲಾವಣೆಗೆ ಹೇಗೆ ಅನ್ವಯಿಸೀತು? ಅನ್ವಯಿಸುತ್ತದೆ, ಏಕೆಂದರೆ U, S, V ಮೂರೂ ವಸ್ತುವಿನ ಸ್ಥಿತಿಗೆ ಸೇರಿದವು, ಅಲ್ಲಿಗೆ ಬಂದ ದಾರಿಗಲ್ಲ. ಆರಂಭದಲ್ಲೂ ಕೊನೆಯಲ್ಲೂ ನೀರು ಸಮತೋಲದಲ್ಲಿದ್ದರೆ, ನಡುವೆ ಏನೇ ನಡೆದಿರಲಿ, ಈ ಮೂರರ ಬದಲಾವಣೆ ಅಷ್ಟೇ. ರಭಸದಲ್ಲಿ ಒತ್ತಿದಾಗ ತಪ್ಪಿಹೋಗುವುದು T dS ಎಂದರೆ ಶಾಖ, −P dV ಎಂದರೆ ಕೆಲಸ ಎಂಬ ಗುರುತು ಮಾತ್ರ. ಆಗ ಕೆಲಸ −P dVಗಿಂತ ಹೆಚ್ಚು, ಒಳಬಂದ ಶಾಖ T dSಗಿಂತ ಕಡಿಮೆ. ಹೆಚ್ಚಾದದ್ದೂ ಕಡಿಮೆಯಾದದ್ದೂ ಸರಿಹೋಗಿ ಮೊತ್ತ ಮಾತ್ರ ಬದಲಾಗುವುದಿಲ್ಲ.

ಒಂದರಿಂದ ನಾಲ್ಕು

ಈ ಸಮೀಕರಣದಲ್ಲಿ d ಅಕ್ಷರದ ಮುಂದೆ ಕೂತಿರುವುದು S ಮತ್ತು V. ಅಂದರೆ ನಮ್ಮ ಕೈಯಲ್ಲಿ ತಿರುಗಿಸುವ ಹಿಡಿಕೆಗಳು ಇವೆರಡು ಎಂದು ಅದು ಭಾವಿಸುತ್ತದೆ. ಪ್ರಯೋಗಶಾಲೆಯಲ್ಲಿ ಹಾಗಿರುವುದಿಲ್ಲ. ತೆರೆದ ಬೀಕರಿನಲ್ಲಿ ಒತ್ತಡ ಸ್ಥಿರ, ನೀರಿನ ತೊಟ್ಟಿಯಲ್ಲಿ ತಾಪಮಾನ ಸ್ಥಿರ. ಎಂಟ್ರೊಪಿಯನ್ನು ನೇರವಾಗಿ ತೋರಿಸುವ ಮೀಟರ್ ಯಾವುದೂ ಇಲ್ಲ. ಹಾಗಾಗಿ ಹಿಡಿಕೆ ಬದಲಿಸಬೇಕು.

V ಬದಲು P ಬೇಕೇ? U ಗೆ PV ಎಂಬ ಗುಣಲಬ್ಧವನ್ನು ಕೂಡಿಸಿ, ಅದನ್ನು ಎಂಥಾಲ್ಪಿ ಎಂದು ಕರೆಯುತ್ತಾರೆ: H = U + PV. ಗುಣಲಬ್ಧದ ಬದಲಾವಣೆಯಲ್ಲಿ ಎರಡು ಪದಗಳಿರುತ್ತವೆ, P dV ಮತ್ತು V dP. ಆದ್ದರಿಂದ

dH = dU + P dV + V dP = T dS − P dV + P dV + V dP

ನಡುವಿನ ಎರಡು ಪದಗಳು ಹೊಡೆದುಹೋಗಿ ಉಳಿಯುವುದು

dH = T dS + V dP

PV ಕೂಡಿಸಿದ್ದರ ಫಲ ಇದೇ: P dV ಅಳಿಸಿಹೋಗಿ ಅದರ ಜಾಗಕ್ಕೆ V dP ಬಂತು. ಇದೇ ಉಪಾಯವನ್ನು S ಮೇಲೆ ಮಾಡಿದರೆ ತಾಪಮಾನ ಹಿಡಿಕೆಯಾಗುತ್ತದೆ. U ಯಿಂದ TS ಕಳೆದರೆ ಹೆಲ್ಮ್‌ಹೋಲ್ಟ್ಸ್ ಮುಕ್ತ ಶಕ್ತಿ, F = U − TS. ಅದರ ಬದಲಾವಣೆಯಲ್ಲಿ T dS ಹೊಡೆದುಹೋಗಿ −S dT ಬರುತ್ತದೆ:

dF = −S dT − P dV

ಎರಡನ್ನೂ ಒಟ್ಟಿಗೆ ಮಾಡಿದರೆ, ಅಂದರೆ H ನಿಂದ TS ಕಳೆದರೆ, ಗಿಬ್ಸ್ ಮುಕ್ತ ಶಕ್ತಿ, G = H − TS:

dG = −S dT + V dP

ನಾಲ್ಕೂ ಆಯಿತು. ಅಮೆರಿಕದ ಯೇಲ್‌ನಲ್ಲಿದ್ದ ಜೋಸಾಯ ವಿಲ್ಲರ್ಡ್ ಗಿಬ್ಸ್ 1870ರ ದಶಕದಲ್ಲಿ ಈ ಇಡೀ ಕಟ್ಟಡವನ್ನು ಕಟ್ಟಿದರು. ನಾಲ್ಕರಲ್ಲೂ ಹೊಸ ಭೌತಿಕ ಸಂಗತಿ ಏನೂ ಸೇರಿಲ್ಲ ಎಂಬುದು ಗಮನಿಸಬೇಕಾದ ಮಾತು. ಮೊದಲ ಸಮೀಕರಣದಲ್ಲಿ ಇದ್ದದ್ದೇ ಉಳಿದ ಮೂರರಲ್ಲೂ ಇದೆ. ಯಾವ ಎರಡನ್ನು ನಾವು ಹಿಡಿದು ತಿರುಗಿಸುತ್ತೇವೆ ಎಂಬುದಷ್ಟೇ ಬೇರೆ.

ಸಮೀಕರಣವನ್ನು ಓದುವುದು

ಈಗ ಪಾರ್ಷಿಯಲ್ ಡೆರಿವೇಟಿವ್, ಅಂದರೆ ಆಂಶಿಕ ನಿಷ್ಪನ್ನಕ್ಕೆ ಬರೋಣ. ಬೆಟ್ಟದ ಮೇಲೆ ನಿಂತವರನ್ನು ಇಲ್ಲಿ ಇಳಿಜಾರು ಎಷ್ಟು ಎಂದು ಕೇಳಿದರೆ, ಯಾವ ದಿಕ್ಕಿಗೆ ಎಂದು ಅವರು ತಿರುಗಿ ಕೇಳಬೇಕಾಗುತ್ತದೆ. ಆಂಶಿಕ ನಿಷ್ಪನ್ನ ಎಂದರೆ ಒಂದು ದಿಕ್ಕಿನ ಇಳಿಜಾರು. ಆ ದಿಕ್ಕು ಯಾವುದೆಂದು ಹೇಳುವುದು ಆವರಣದ ಕೆಳಗೆ ಬರೆಯುವ ಪುಟ್ಟ ಅಕ್ಷರ: ಅದನ್ನು ಬದಲಾಗದಂತೆ ಹಿಡಿದಿಟ್ಟಿದ್ದೇವೆ ಎಂದು ಅರ್ಥ.

dG = −S dT + V dP ಎಂಬುದನ್ನೇ ತೆಗೆದುಕೊಳ್ಳಿ. ಒತ್ತಡ ಬದಲಾಗದಿದ್ದರೆ dP ಸೊನ್ನೆ, ಎರಡನೆಯ ಪದ ಇಲ್ಲವಾಗುತ್ತದೆ. ಆಗ G ತಾಪಮಾನದೊಡನೆ ಬದಲಾಗುವ ದರ −S. ಹಾಗೆಯೇ ತಾಪಮಾನ ಸ್ಥಿರವಿದ್ದರೆ G ಒತ್ತಡದೊಡನೆ ಬದಲಾಗುವ ದರ V:

(∂G/∂T)_P = −S ಮತ್ತು (∂G/∂P)_T = V

ಲೆಕ್ಕವೇನೂ ಮಾಡಲಿಲ್ಲ, ಬರೆದದ್ದನ್ನು ಓದಿದೆವು ಅಷ್ಟೆ. ಉಳಿದ ಮೂರನ್ನೂ ಹೀಗೆಯೇ ಓದಬಹುದು. ಗಾತ್ರ ಸ್ಥಿರವಿಟ್ಟು U ಯನ್ನು S ನೊಡನೆ ನೋಡಿದರೆ T. ಎಂಟ್ರೊಪಿ ಸ್ಥಿರವಿಟ್ಟು V ಯೊಡನೆ ನೋಡಿದರೆ −P.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ನಿಜವಾದ ಫಲ ಸಿಗುತ್ತದೆ. G ಎಂಬುದು T ಮತ್ತು P ಮೇಲೆ ನಿಂತ ನುಣುಪಾದ ಮೇಲ್ಮೈ. ಅಂಥ ಮೇಲ್ಮೈಯ ಇಳಿಜಾರನ್ನು ಮೊದಲು T ದಿಕ್ಕಿನಲ್ಲಿ ತೆಗೆದು, ಅದು P ಯೊಡನೆ ಹೇಗೆ ಬದಲಾಗುತ್ತದೆ ಎಂದು ನೋಡಿದರೂ ಒಂದೇ, ಮೊದಲು P ದಿಕ್ಕು, ನಂತರ T ಎಂದರೂ ಒಂದೇ. ಮೊದಲ ಕ್ರಮದಲ್ಲಿ −S ಅನ್ನು P ಯೊಡನೆ ನೋಡುತ್ತೇವೆ, ಎರಡನೆಯದರಲ್ಲಿ V ಯನ್ನು T ಯೊಡನೆ. ಎರಡೂ ಸಮ:

(∂S/∂P)_T = −(∂V/∂T)_P

ಎಡಗಡೆ ಇರುವುದು ಯಾವ ಮೀಟರಿಗೂ ಸಿಗದ ಸಂಗತಿ: ಒತ್ತಿದಾಗ ಎಂಟ್ರೊಪಿ ಎಷ್ಟು ಬದಲಾಗುತ್ತದೆ. ಬಲಗಡೆ ಇರುವುದು ಅಳತೆಯ ಗಾಜಿನ ಕೊಳವೆ ಮತ್ತು ಥರ್ಮಾಮೀಟರ್ ಇದ್ದರೆ ಯಾರಾದರೂ ಅಳೆಯಬಹುದಾದದ್ದು: ಕಾಯಿಸಿದಾಗ ಗಾತ್ರ ಎಷ್ಟು ಹಿಗ್ಗುತ್ತದೆ. ಈ ಬಗೆಯ ಸಂಬಂಧಗಳು, ಸಮೀಕರಣಕ್ಕೆ ಒಂದರಂತೆ, ನಾಲ್ಕಿವೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1871ರ ತಮ್ಮ ಶಾಖದ ಪುಸ್ತಕದಲ್ಲಿ ಇವನ್ನು ಕೊಟ್ಟಿದ್ದರಿಂದ ಮ್ಯಾಕ್ಸ್‌ವೆಲ್ ಸಂಬಂಧಗಳೆಂದೇ ಹೆಸರಾಗಿವೆ.

770 ಜೂಲ್ ಎಲ್ಲಿಂದ ಬಂತು

25 ಡಿಗ್ರಿಯಲ್ಲಿ ನೀರು ಪ್ರತಿ ಡಿಗ್ರಿಗೆ ತನ್ನ ಗಾತ್ರದ 0.000257 ಭಾಗದಷ್ಟು ಹಿಗ್ಗುತ್ತದೆ. ಒಂದು ಕಿಲೋ ನೀರಿನ ಗಾತ್ರ ಸುಮಾರು 0.001 ಘನ ಮೀಟರ್. ಹಾಗಾಗಿ (∂V/∂T)_P ಸುಮಾರು 0.000000257 ಘನ ಮೀಟರ್. ಇದನ್ನು 100 ಬಾರ್‌ನಿಂದ, ಅಂದರೆ ಒಂದು ಕೋಟಿ ಪಾಸ್ಕಲ್‌ನಿಂದ ಗುಣಿಸಿದರೆ 2.57. ಋಣ ಚಿಹ್ನೆ ಇರುವುದರಿಂದ, ನೀರಿನ ಎಂಟ್ರೊಪಿ ಕೆಲ್ವಿನ್ನಿಗೆ 2.57 ಜೂಲ್‌ನಷ್ಟು ಇಳಿಯಿತು. ನಿಧಾನವಾಗಿ ಒತ್ತಿದ್ದರಿಂದ ಶಾಖ ಎಂದರೆ T ಗುಣಿಸು ΔS, 298ನ್ನು 2.57ರಿಂದ ಗುಣಿಸಿದರೆ ಸುಮಾರು 770 ಜೂಲ್ ಹೊರಗೆ.

ಕೆಲಸದ ಲೆಕ್ಕವೂ ಕಷ್ಟವಲ್ಲ. ಒತ್ತಡ ಸೊನ್ನೆಯಿಂದ 100 ಬಾರ್‌ವರೆಗೆ ಏರಿದ್ದರಿಂದ ಸರಾಸರಿ 50 ಬಾರ್, ಅಂದರೆ ಐವತ್ತು ಲಕ್ಷ ಪಾಸ್ಕಲ್. ಕುಗ್ಗಿದ್ದು ನಾಲ್ಕೂವರೆ ಮಿಲಿಲೀಟರ್. ಗುಣಿಸಿದರೆ 23 ಜೂಲ್. ಈಗ ಮೊದಲ ಸಮೀಕರಣಕ್ಕೆ ಹಾಕಿ: ΔU = −770 + 23, ಸುಮಾರು −747 ಜೂಲ್. ನೀರಿನ ಆಂತರಿಕ ಶಕ್ತಿಯೇ ಇಳಿದಿದೆ. ತೊಟ್ಟಿಗೆ ಹೋದ ಶಾಖದ ಬಹುಪಾಲು ಅಲ್ಲಿಂದಲೇ ಬಂದದ್ದು.

ತಾಪಮಾನ ಬದಲಾಗದಿದ್ದರೆ ಆಂತರಿಕ ಶಕ್ತಿಯೂ ಬದಲಾಗುವುದಿಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ಆದರ್ಶ ಅನಿಲಕ್ಕೆ ಮಾತ್ರ ನಿಜ, ಅಲ್ಲಿ ಅಣುಗಳು ಒಂದನ್ನೊಂದು ಎಳೆಯುವುದಿಲ್ಲ. ದ್ರವದಲ್ಲಿ ಎಳೆತ ಬಲವಾಗಿದೆ. 25 ಡಿಗ್ರಿಯ ನೀರಿನಲ್ಲಿ ಅಣುಗಳನ್ನು ತುಸು ಹತ್ತಿರ ತಂದರೆ ಆ ಎಳೆತದ ಶಕ್ತಿ ಇಳಿಯುತ್ತದೆ, ಇಳಿದದ್ದು ಶಾಖವಾಗಿ ಹೊರಬೀಳುತ್ತದೆ.

ನಾಲ್ಕು ಡಿಗ್ರಿಗಿಂತ ಕೆಳಗೆ

ನೀರಿನ ವಿಚಿತ್ರ ಗುಣ ನಮಗೆ ಶಾಲೆಯಿಂದಲೇ ಗೊತ್ತು: 4 ಡಿಗ್ರಿಗಿಂತ ಕೆಳಗೆ ಅದು ಕಾಯಿಸಿದರೆ ಹಿಗ್ಗುವ ಬದಲು ಕುಗ್ಗುತ್ತದೆ. ಹಾಗಾದರೆ (∂V/∂T)_P ಅಲ್ಲಿ ಋಣ. ಮ್ಯಾಕ್ಸ್‌ವೆಲ್ ಸಂಬಂಧದ ಪ್ರಕಾರ ಅಂಥ ತಣ್ಣೀರನ್ನು ಒತ್ತಿದರೆ ಎಂಟ್ರೊಪಿ ಏರಬೇಕು, ನೀರು ಶಾಖವನ್ನು ಒಳಗೆ ಎಳೆದುಕೊಳ್ಳಬೇಕು. ಶಾಖ ಬರಲು ದಾರಿಯೇ ಇಲ್ಲದಂತೆ ಥಟ್ಟನೆ ಒತ್ತಿದರೆ? ಆಗ ಅದು ಇನ್ನಷ್ಟು ತಣ್ಣಗಾಗಬೇಕು.

ಎಷ್ಟು ತಣ್ಣಗಾಗುತ್ತದೆ ಎಂದು ಹೇಳಲು ಬೇರೆ ಸಮೀಕರಣ ಬೇಕು, ಏಕೆಂದರೆ ಶಾಖ ದಾಟದಿದ್ದಾಗ ಸ್ಥಿರವಾಗಿರುವುದು S. ಒತ್ತಡವನ್ನು ನಾವೇ ತಿರುಗಿಸುತ್ತಿದ್ದೇವೆ. S ಮತ್ತು P ಹಿಡಿಕೆಯಾಗಿರುವುದು dH = T dS + V dP ಎಂಬುದರಲ್ಲಿ. ಅದರ ಅಡ್ಡ ನಿಷ್ಪನ್ನಗಳು ಸಮ: (∂T/∂P)_S = (∂V/∂S)_P. ಬಲಗಡೆಯ S ಅನ್ನು ತಾಪಮಾನಕ್ಕೆ ತಿರುಗಿಸಲು, ಸ್ಥಿರ ಒತ್ತಡದಲ್ಲಿ dS = C_P dT/T ಎಂಬುದು ಸಾಕು; C_P ಎಂದರೆ ಸ್ಥಿರ ಒತ್ತಡದಲ್ಲಿ ಒಂದು ಡಿಗ್ರಿ ಏರಿಸಲು ಬೇಕಾದ ಶಾಖ. ಸಿಗುವುದು:

(∂T/∂P)_S = T (∂V/∂T)_P / C_P

1.2 ಡಿಗ್ರಿಯ ನೀರಿಗೆ ಇಂದಿನ ಅಂಕಿಗಳನ್ನು ಹಾಕೋಣ. T 274.35 ಕೆಲ್ವಿನ್, ಹಿಗ್ಗುವಿಕೆ ಡಿಗ್ರಿಗೆ −0.000047 ಭಾಗ, ಕಿಲೋ ನೀರಿಗೆ C_P ಸುಮಾರು 4210 ಜೂಲ್. ಒತ್ತಡ ಸುಮಾರು 25 ಬಾರ್‌ನಷ್ಟು ಏರಿದರೆ ತಾಪಮಾನ ಸುಮಾರು 0.008 ಡಿಗ್ರಿ ಇಳಿಯಬೇಕು.

ಇದನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ನಿಜವಾಗಿಯೂ ಅಳೆದರು. ಗಿಬ್ಸ್ ಬರೆಯುವ ಮೊದಲೇ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, ಇದೇ ಸೂತ್ರವನ್ನು ಬೇರೆ ದಾರಿಯಲ್ಲಿ ಪಡೆದಿದ್ದರು. ಜೂಲ್ 1859ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ 1.2 ಡಿಗ್ರಿಯ ನೀರು, ಸೆಂಟಿಮೀಟರ್ ಚದರಕ್ಕೆ 26 ಕಿಲೋ ಭಾರದಷ್ಟು ಒತ್ತಿದಾಗ, 0.0083 ಡಿಗ್ರಿ ತಣ್ಣಗಾಯಿತು. ಸೂತ್ರದಿಂದ ಬಂದ ಲೆಕ್ಕ 0.0071. ಅಷ್ಟೇ ಒತ್ತಡಕ್ಕೆ 30 ಡಿಗ್ರಿಯ ನೀರು 0.0544 ಡಿಗ್ರಿ ಬೆಚ್ಚಗಾಯಿತು, ಲೆಕ್ಕ 0.0563. ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಚಿಕ್ಕ ಇಳಿತವನ್ನು ಅವರು ಹಿಡಿದರು, ಅದರ ಚಿಹ್ನೆಯೂ ಸೂತ್ರ ಹೇಳಿದಂತೆಯೇ ಇತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ತಣ್ಣೀರಿನ ಲೆಕ್ಕವನ್ನು 25 ಬಾರ್‌ನಲ್ಲಿ ನಿಲ್ಲಿಸಿದ್ದಕ್ಕೆ ಕಾರಣವಿದೆ. ಒತ್ತಡ ಏರಿದಂತೆ ನೀರು ಅತಿ ಸಾಂದ್ರವಾಗುವ ತಾಪಮಾನವೇ ಕೆಳಗೆ ಸರಿಯುತ್ತದೆ. 100 ಬಾರ್‌ನಲ್ಲಿ ಅದು 4ರ ಬದಲು ಸುಮಾರು 2 ಡಿಗ್ರಿ. ಹಾಗಾಗಿ 2 ಡಿಗ್ರಿಯ ನೀರಿಗೆ ಆರಂಭದ ಹಿಗ್ಗುವಿಕೆಯ ಅಂಕಿಯನ್ನೇ ನೂರು ಬಾರ್‌ವರೆಗೂ ಎಳೆದರೆ ಉತ್ತರ ದುಪ್ಪಟ್ಟು ತಪ್ಪುತ್ತದೆ. ನಿಷ್ಪನ್ನ ಎಂಬುದು ಆ ಬಿಂದುವಿನ ಇಳಿಜಾರು ಮಾತ್ರ. 25 ಡಿಗ್ರಿಯಲ್ಲಿ ಆ ಇಳಿಜಾರು ಒತ್ತಡದೊಡನೆ ಅಷ್ಟಾಗಿ ಬದಲಾಗದು, ಹಾಗಾಗಿ 770ರ ಲೆಕ್ಕ ಕೆಲವೇ ಶೇಕಡಾ ಆಚೀಚೆಯಾಗಿ ನಿಲ್ಲುತ್ತದೆ.

ಪುಟ್ಟ ಅಕ್ಷರ ಬಿಟ್ಟರೆ

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಸ್ಥಿರ ಹಿಡಿದದ್ದು ಯಾವುದು ಎಂಬುದನ್ನು ಮರೆಯುವುದರಿಂದ ಹುಟ್ಟುತ್ತವೆ. dH = T dS + V dP ನೋಡಿ, ಎಂಥಾಲ್ಪಿ ಒತ್ತಡದೊಡನೆ ಬದಲಾಗುವ ದರ V ಎಂದು ಬರೆದುಬಿಡುತ್ತಾರೆ. ಎಂಟ್ರೊಪಿ ಸ್ಥಿರವಿದ್ದರೆ ಅದು ಸರಿ. ತಾಪಮಾನ ಸ್ಥಿರವಿದ್ದರೆ dS ಸೊನ್ನೆಯಲ್ಲ, ಅದನ್ನೂ ಸೇರಿಸಬೇಕು. ಮ್ಯಾಕ್ಸ್‌ವೆಲ್ ಸಂಬಂಧ ಬಳಸಿದರೆ

(∂H/∂P)_T = V − T (∂V/∂T)_P

ಎರಡೂ ಎಷ್ಟು ಬೇರೆ ಎಂದು ತಿಳಿಯಲು ಆದರ್ಶ ಅನಿಲವನ್ನು ಹಾಕಿ ನೋಡಿ. ಅಲ್ಲಿ PV = RT, ಆದ್ದರಿಂದ T (∂V/∂T)_P ಎಂಬುದು V ಗೇ ಸಮ, ಉತ್ತರ ಸೊನ್ನೆ. ತಪ್ಪಾಗಿ ಓದಿದವರಿಗೆ, 25 ಡಿಗ್ರಿ, 1 ಬಾರ್‌ನಲ್ಲಿರುವ ಒಂದು ಮೋಲ್‌ಗೆ 24.8 ಲೀಟರ್ ಎಂಬ ಉತ್ತರ ಬರುತ್ತದೆ. ಯೂನಿಟ್ ನೋಡಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಎರಡಕ್ಕೂ ಯೂನಿಟ್ ಒಂದೇ. ಹಿಡಿಯುವ ದಾರಿ ಒಂದೇ: ನಿಷ್ಪನ್ನದ ಕೆಳಗಿನ ಅಕ್ಷರ ಆ ಸಮೀಕರಣದಲ್ಲಿ d ಮುಂದೆ ಕೂತ ಎರಡರಲ್ಲಿ ಒಂದೇ ಎಂದು ನೋಡುವುದು. ಹೌದಾದರೆ ನೇರವಾಗಿ ಓದಿ. ಅಲ್ಲವಾದರೆ ಇನ್ನೊಂದು ಪದವನ್ನು ಬಿಡುವಂತಿಲ್ಲ.

ಯಾವುದಕ್ಕೆ ಯಾವುದು

ವಿದ್ಯುತ್ ಸ್ಥಾವರಗಳ ಲೆಕ್ಕಕ್ಕೆ ಬಳಸುವ ಸ್ಟೀಮ್ ಟೇಬಲ್‌ಗಳು ನಿಂತಿರುವುದು ಈ ಓದುವಿಕೆಯ ಮೇಲೆಯೇ. 1997ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಕೈಗಾರಿಕಾ ಸೂತ್ರದಲ್ಲಿ 350 ಡಿಗ್ರಿವರೆಗಿನ ದ್ರವ ನೀರಿಗೆ ಕೊಟ್ಟಿರುವುದು ಒಂದೇ ಒಂದು ಸಮೀಕರಣ, T ಮತ್ತು P ಮೇಲೆ ನಿಂತ G. ಅದರಲ್ಲಿ 34 ಪದಗಳಿವೆ. ಗಾತ್ರ ಬೇಕಾದರೆ P ಯೊಡನೆ ನಿಷ್ಪನ್ನ, ಎಂಟ್ರೊಪಿ ಬೇಕಾದರೆ T ಯೊಡನೆ ನಿಷ್ಪನ್ನ ತೆಗೆದು ಚಿಹ್ನೆ ಬದಲಿಸುವುದು, ಎಂಥಾಲ್ಪಿ ಬೇಕಾದರೆ G + TS. ಗುಣಕ್ಕೊಂದು ಪ್ರತ್ಯೇಕ ಸೂತ್ರವಿಲ್ಲದ್ದರಿಂದ ಅಂಕಣಗಳು ಒಂದಕ್ಕೊಂದು ಹೊಂದದೆ ಹೋಗುವ ಭಯವೂ ಇಲ್ಲ.

ಆದರೆ ಅದೇ ಸೂತ್ರದ ಇನ್ನೊಂದು ವಲಯದಲ್ಲಿ G ಯನ್ನು ಕೈಬಿಟ್ಟು F ಅನ್ನು ಹಿಡಿದಿದ್ದಾರೆ. ಅದು 374 ಡಿಗ್ರಿ, 221 ಬಾರ್ ಆಸುಪಾಸಿನ ಕ್ರಾಂತಿಬಿಂದುವನ್ನು ಒಳಗೊಂಡ ವಲಯ. ಅಲ್ಲಿ ಒತ್ತಡ ಕೂದಲೆಳೆಯಷ್ಟು ಬದಲಾದರೂ ಗಾತ್ರ ಭಾರೀ ಬದಲಾಗುತ್ತದೆ. ಕ್ರಾಂತಿಬಿಂದುವಿನಲ್ಲೇ (∂V/∂P)_T ಅನಂತಕ್ಕೆ ಹೋಗುತ್ತದೆ. V ಎಂಬುದು G ಯ ಇಳಿಜಾರು, ಆದ್ದರಿಂದ G ಯ ಮೇಲ್ಮೈ ಅಲ್ಲಿ ಅಷ್ಟು ತೀಕ್ಷ್ಣವಾಗಿ ಬಾಗುತ್ತದೆ, ನುಣುಪಾದ ಸೂತ್ರಕ್ಕೆ ಸಿಗುವುದಿಲ್ಲ. ಗಾತ್ರವನ್ನೇ, ಅಂದರೆ ಸಾಂದ್ರತೆಯನ್ನೇ ಹಿಡಿಕೆಯಾಗಿಸಿದರೆ ಈ ತೊಂದರೆ ತಪ್ಪುತ್ತದೆ. ಒತ್ತಡವನ್ನು −(∂F/∂V)_T ಎಂದು ಸಲೀಸಾಗಿ ಓದಿಕೊಳ್ಳಬಹುದು.

ನಾಲ್ಕೂ ಸಮೀಕರಣಗಳಿಗೆ ಸೇರಿದ ಮಿತಿಯೊಂದಿದೆ. ವಸ್ತುವಿನ ಪ್ರಮಾಣವೂ ಮಿಶ್ರಣದ ಪಾಲೂ ಬದಲಾಗಬಾರದು, ಒತ್ತುವ ಕೆಲಸವೊಂದನ್ನು ಬಿಟ್ಟು ಬೇರೆ ಕೆಲಸ ಇರಬಾರದು. ನೀರಿಗೆ ಉಪ್ಪು ಕರಗಿಸಿದರೆ, ಮೇಲ್ಮೈ ಎಳೆತ ಲೆಕ್ಕಕ್ಕೆ ಬರುವಷ್ಟು ಹನಿ ಚಿಕ್ಕದಾದರೆ, ಬಲಗಡೆಗೆ ಇನ್ನೊಂದು ಪದ ಸೇರಬೇಕು. ಗಿಬ್ಸ್ ಮಾಡಿದ್ದೂ ಅದನ್ನೇ. ಪ್ರತಿ ಘಟಕಕ್ಕೂ ರಾಸಾಯನಿಕ ವಿಭವ ಎಂಬ ಹೊಸ ಗುಣವನ್ನು, ಅದರ ಪ್ರಮಾಣದ ಬದಲಾವಣೆಯೊಡನೆ ಗುಣಿಸಿ ಸೇರಿಸಿದರು. ಸೇರಿದ ಮೇಲೆ ಓದುವ ರೀತಿ ಬದಲಾಗುವುದಿಲ್ಲ: ಉಳಿದದ್ದನ್ನೆಲ್ಲ ಸ್ಥಿರ ಹಿಡಿಯಿರಿ, d ಮುಂದಿನ ಗುಣಕವನ್ನು ಓದಿ, ಬೇಕಾದ ಜೋಡಿಯ ಅಡ್ಡ ನಿಷ್ಪನ್ನಗಳನ್ನು ಸಮ ಮಾಡಿ. ಉಪ್ಪುನೀರನ್ನು ಒತ್ತಿದಾಗ ಉಪ್ಪು ಹೆಚ್ಚು ಕರಗುತ್ತದೆಯೇ ಕಡಿಮೆಯೇ ಎಂಬ ಪ್ರಶ್ನೆಗೂ, ಕರಗಿದಾಗ ಒಟ್ಟು ಗಾತ್ರ ಕುಗ್ಗಿತೇ ಹಿಗ್ಗಿತೇ ಎಂದು ಅಳೆದೇ ಉತ್ತರ ಹೇಳಬಹುದು.